ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಫೈಲ್ ಅಪ್‌ಲೋಡ್ ಆಗುವುದಿಲ್ಲವೇ? ‘ಸೊನ್ನೆ ಸಾಲು’ ಬರುವುದರ ಹಿಂದಿನ ನಿಜವಾದ ಕಾರಣ

“ಎಕ್ಸೆಲ್ ಪಟ್ಟಿಯಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಹಾಕಬೇಡಿ. ಕನ್ನಡ ಇದ್ದರೆ ಫೈಲ್ ಹಾಳಾಗುತ್ತದೆ, ಅಪ್‌ಲೋಡ್ ಆಗುವುದಿಲ್ಲ. ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.” ಶಾಲೆ, ಸಂಘ, ಕಚೇರಿಗಳ ವಾಟ್ಸಾಪ್ ಗುಂಪುಗಳಲ್ಲಿರುವವರಿಗೆ ಇಂಥ ಸಲಹೆ ಹೊಸದೇನಲ್ಲ. ಅದನ್ನು ಕಳಿಸುವವರ ಉದ್ದೇಶ ಕೆಟ್ಟದ್ದೂ ಅಲ್ಲ. ಇನ್ನೂರು ಹೆಸರಿನ ಪಟ್ಟಿ ಅಪ್‌ಲೋಡ್ ಮಾಡಿ, ಪರದೆಯ ಮೇಲೆ `0 valid rows` ಎಂದು ಕಂಡವರಿಗೆ ಹಾಗನ್ನಿಸುವುದು ಸಹಜ. ಇನ್ನೂರರಲ್ಲಿ ಒಂದು ಸಾಲೂ ಸರಿ ಇಲ್ಲವಂತೆ!

ಈ ಸಲಹೆ ನಿಜವೇ ಎಂದು ನೋಡೋಣ. ಚುಟುಕಾಗಿ ಹೇಳುವುದಾದರೆ: ತಪ್ಪು ಕನ್ನಡದ್ದಲ್ಲ. ಫೈಲನ್ನು ಒಂದು ಲಿಪಿಸಂಕೇತದಲ್ಲಿ ಬರೆದು ಇನ್ನೊಂದರಲ್ಲಿ ಓದಿದರೆ ಹೀಗಾಗುತ್ತದೆ. ಇಂಗ್ಲಿಷ್ ಹೆಸರುಗಳಷ್ಟೇ ಇರುವ ಫೈಲ್ ಕೂಡ ಇದೇ ರೀತಿ ಸೊನ್ನೆ ತೋರಿಸಬಹುದು, ಅದನ್ನು ಮುಂದೆ ನೋಡುತ್ತೇವೆ. ಹೆಸರುಗಳನ್ನೆಲ್ಲ ಇಂಗ್ಲಿಷ್‌ಗೆ ಬದಲಿಸಿದರೆ ಹೊಸ ತೊಂದರೆ ಶುರುವಾಗುತ್ತದೆ. ‘ಲತಾ’ ಒಂದು ಕಡೆ `Lata`, ಇನ್ನೊಂದು ಕಡೆ `Latha` ಆಗುತ್ತದೆ. ಮುಂದೆ ಎರಡು ಪಟ್ಟಿಗಳನ್ನು ತಾಳೆ ನೋಡುವಾಗ ಒಬ್ಬಳೇ ಹುಡುಗಿ ಇಬ್ಬರಾಗಿ ಕಾಣುತ್ತಾಳೆ.

‘ಸೊನ್ನೆ’ ಎಂಬ ಉತ್ತರವೇ ಒಂದು ಸುಳಿವು

ಪಟ್ಟಿಯನ್ನು ಒಳಗೆ ತೆಗೆದುಕೊಳ್ಳುವ ತಂತ್ರಾಂಶ ಸಾಮಾನ್ಯವಾಗಿ ನಾಲ್ಕು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲು ಫೈಲ್ ತೆರೆದು ಅದರೊಳಗಿನ ಅಕ್ಷರಗಳನ್ನು ಓದುತ್ತದೆ. ಆಮೇಲೆ ಮೊದಲ ಸಾಲನ್ನು ನೋಡಿ ಯಾವ ಅಂಕಣ ಎಲ್ಲಿದೆ ಎಂದು ತಿಳಿಯುತ್ತದೆ. ಮೂರನೆಯದಾಗಿ ಒಂದೊಂದೇ ಸಾಲನ್ನು ಪರೀಕ್ಷಿಸುತ್ತದೆ: ಹೆಸರಿದೆಯೇ, ಸಂಖ್ಯೆ ಇದೆಯೇ ಎಂದು. ಕೊನೆಗೆ ಸರಿಯಾದ ಸಾಲುಗಳನ್ನು ಎಣಿಸಿ ಹೇಳುತ್ತದೆ.

ಯಾರೋ ಒಬ್ಬರ ಹೆಸರನ್ನು ಬಿಟ್ಟಿದ್ದರೆ ಇನ್ನೂರರಲ್ಲಿ 199 ಸಾಲು ಸರಿ ಎಂದು ಬರಬೇಕು. ಹತ್ತು ಕಡೆ ತಪ್ಪಿದ್ದರೆ 190 ಎಂದು ಬರಬೇಕು. ಒಟ್ಟಿಗೇ ಸೊನ್ನೆ ಬಂದಿದೆ ಎಂದರೆ ಇನ್ನೂರು ಬೇರೆ ಬೇರೆ ತಪ್ಪುಗಳಾಗಿವೆ ಎಂದಲ್ಲ. ಎಲ್ಲ ಸಾಲುಗಳಿಗೂ ಅನ್ವಯಿಸುವ ಒಂದೇ ತಪ್ಪು ಇದೆ ಎಂದರ್ಥ. ಬಹಳ ಸಲ ಅದು ಮೊದಲ ಅಥವಾ ಎರಡನೇ ಹಂತದಲ್ಲೇ ಇರುತ್ತದೆ. ಪರೀಕ್ಷಾ ಕೊಠಡಿಯ ಬೀಗವನ್ನೇ ತೆಗೆಯದಿದ್ದರೆ ಹಾಜರಾತಿ ಸೊನ್ನೆ ಬರುತ್ತದೆ. ಅದನ್ನು ನೋಡಿ ಮಕ್ಕಳು ಓದಿಕೊಂಡು ಬಂದಿಲ್ಲ ಎನ್ನಲಾಗುತ್ತದೆಯೇ?

ಹಾಗಾಗಿ ಸೊನ್ನೆ ಕಂಡ ಕೂಡಲೇ ಒಂದೊಂದು ಹೆಸರನ್ನೂ ತಿದ್ದಲು ಕೂರುವುದರಿಂದ ಪ್ರಯೋಜನವಿಲ್ಲ. ಬೀಗ ಎಲ್ಲಿದೆ ಎಂದು ಹುಡುಕಬೇಕು.

ಫೈಲ್ ಒಳಗೆ ಕನ್ನಡ ಹೇಗಿರುತ್ತದೆ?

ಕಂಪ್ಯೂಟರ್ ಫೈಲಿನಲ್ಲಿ ಅಕ್ಷರಗಳಿರುವುದಿಲ್ಲ, ಸಂಖ್ಯೆಗಳಿರುತ್ತವೆ. ಯುನಿಕೋಡ್ ಎಂಬ ಜಾಗತಿಕ ಪಟ್ಟಿಯಲ್ಲಿ ಪ್ರತಿ ಅಕ್ಷರಕ್ಕೂ ಒಂದು ಕ್ರಮಸಂಖ್ಯೆ ಇದೆ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅಲ್ಲಿ ಜಾಗವಿದೆ. ‘ಕ’ ಅಕ್ಷರದ ಸಂಖ್ಯೆ `0C95`.

ಈ ಸಂಖ್ಯೆಯನ್ನು ಫೈಲಿನಲ್ಲಿ ಬರೆದಿಡುವ ವಿಧಾನಗಳು ಹಲವು. ಈಗ ಹೆಚ್ಚು ಬಳಕೆಯಲ್ಲಿರುವುದು ಯುಟಿಎಫ್-8. ಅದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡ ಅಕ್ಷರಕ್ಕೆ ಮೂರು ಬೈಟ್ ಬಳಸುತ್ತದೆ. ‘ಕ’ ಎಂಬುದು ಫೈಲಿನಲ್ಲಿ `E0 B2 95` ಎಂಬ ಮೂರು ಬೈಟ್‌ಗಳಾಗಿ ಕುಳಿತಿರುತ್ತದೆ. ಕೊಂಬು, ಅನುಸ್ವಾರಗಳಿಗೂ ಇಲ್ಲಿ ಪ್ರತ್ಯೇಕ ಸಂಖ್ಯೆ ಇದೆ. ಹಾಗಾಗಿ ನಮ್ಮ ಕಣ್ಣಿಗೆ ಎರಡೇ ಅಕ್ಷರವಾಗಿ ಕಾಣುವ ‘ಮಂಜು’ ಕಂಪ್ಯೂಟರಿಗೆ ನಾಲ್ಕು: ಮ, ಅನುಸ್ವಾರ, ಜ, ಕೊಂಬು. ಒಟ್ಟು 12 ಬೈಟ್.

ಎಕ್ಸೆಲ್‌ನ ಸ್ವಂತ ಫೈಲಿನಲ್ಲಿ, ಅಂದರೆ `.xlsx` ಎಂದು ಕೊನೆಯಾಗುವುದರಲ್ಲಿ, ಯಾವ ವಿಧಾನದಲ್ಲಿ ಬರೆದಿದೆ ಎಂಬುದು ನಿಗದಿಯಾಗಿರುತ್ತದೆ. ಆದರೆ ಅಪ್‌ಲೋಡ್‌ಗೆ ಬಹಳ ಕಡೆ ಕೇಳುವುದು ಸಿಎಸ್‌ವಿ ಫೈಲನ್ನು. ಅದು ಅಲ್ಪವಿರಾಮಗಳಿಂದ ಬೇರ್ಪಟ್ಟ ಬರಿಯ ಪಠ್ಯ. “ನನ್ನನ್ನು ಯುಟಿಎಫ್-8ರಲ್ಲಿ ಬರೆಯಲಾಗಿದೆ” ಎಂದು ಹೇಳುವ ಕಡ್ಡಾಯ ಚೀಟಿ ಅದರ ಮೇಲೆ ಇರುವುದಿಲ್ಲ. ಓದುವ ತಂತ್ರಾಂಶ ತನಗೆ ತೋಚಿದಂತೆ ಊಹಿಸಿಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರಗಳು ಹಳೆಯ, ಹೊಸ ವಿಧಾನಗಳೆರಡರಲ್ಲೂ ಒಂದೇ ಬೈಟ್ ಆಗಿರುವುದರಿಂದ ಊಹೆ ತಪ್ಪಿದರೂ ಗೊತ್ತಾಗುವುದಿಲ್ಲ. ಕನ್ನಡ ಬಂದಾಗ ಗುಟ್ಟು ರಟ್ಟಾಗುತ್ತದೆ. ‘ಕನ್ನಡದಿಂದಲೇ ಹಾಳಾಯಿತು’ ಎಂಬ ಭಾವನೆ ಹುಟ್ಟುವುದು ಇಲ್ಲಿಂದಲೇ.

ನಾಲ್ಕು ಮಕ್ಕಳ ಪಟ್ಟಿ

ಉದಾಹರಣೆಗೆ ಈ ಚಿಕ್ಕ ಪಟ್ಟಿಯನ್ನು ತೆಗೆದುಕೊಳ್ಳೋಣ. ಮೊದಲ ಸಾಲು ಅಂಕಣಗಳ ಹೆಸರು, ಉಳಿದ ನಾಲ್ಕು ಸಾಲು ಮಕ್ಕಳದು.

```
id,name,class
101,ಕಮಲ,8
102,ಬಸವರಾಜ,9
103,ಮಂಜು,8
104,ಪ್ರಕಾಶ್,9
```

ಪಟ್ಟಿಯಲ್ಲಿ ಯಾವ ತಪ್ಪೂ ಇಲ್ಲ. ಆದರೂ ಇದೇ ಪಟ್ಟಿಗೆ ‘ಸೊನ್ನೆ ಸಾಲು’ ಬರಬಹುದು. ಅದಕ್ಕಿರುವ ದಾರಿಗಳನ್ನು ಒಂದೊಂದಾಗಿ ನೋಡೋಣ. ಪ್ರತಿಯೊಂದಕ್ಕೂ ಪರದೆಯ ಮೇಲೆ ಬೇರೆಯದೇ ಗುರುತು ಇರುತ್ತದೆ.

ಮೊದಲ ಗುರುತು: `ï»¿`

ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ `CSV UTF-8 (Comma delimited)` ಎಂಬ ಆಯ್ಕೆ ಇದೆ. ಕನ್ನಡಕ್ಕೆ ಇದು ಸರಿಯಾದ ಆಯ್ಕೆಯೇ. ಆದರೆ ಎಕ್ಸೆಲ್ ಇಲ್ಲಿ ಫೈಲಿನ ತೀರಾ ಆರಂಭದಲ್ಲಿ `EF BB BF` ಎಂಬ ಮೂರು ಬೈಟ್ ಸೇರಿಸುತ್ತದೆ. ಇದಕ್ಕೆ ಬೈಟ್ ಆರ್ಡರ್ ಮಾರ್ಕ್, ಚಿಕ್ಕದಾಗಿ ಬಿಒಎಂ ಎನ್ನುತ್ತಾರೆ. ಇದು ಕಣ್ಣಿಗೆ ಕಾಣುವುದಿಲ್ಲ. ಮತ್ತೆ ಫೈಲ್ ತೆರೆಯುವಾಗ ‘ಇದು ಯುಟಿಎಫ್-8’ ಎಂದು ಎಕ್ಸೆಲ್‌ಗೆ ಗೊತ್ತಾಗಲು ಹಾಕುವ ಗುರುತು ಅಷ್ಟೆ.

ಅಪ್‌ಲೋಡ್ ತಂತ್ರಾಂಶಕ್ಕೆ ಈ ಗುರುತಿನ ಪರಿಚಯವಿಲ್ಲದಿದ್ದರೆ ಅದನ್ನು ಮೊದಲ ಪದದ ಭಾಗವೆಂದೇ ಓದುತ್ತದೆ. ಆಗ ಮೊದಲ ಅಂಕಣದ ಹೆಸರು `id` ಆಗಿರುವುದಿಲ್ಲ, `\ufeffid` ಆಗಿರುತ್ತದೆ. ಹಳೆಯ ವಿಧಾನದಲ್ಲಿ ಓದಿದರೆ `ï»¿id` ಎಂದು ಕಾಣುತ್ತದೆ. ತಂತ್ರಾಂಶ `id` ಎಂಬ ಅಂಕಣವನ್ನು ಹುಡುಕುತ್ತದೆ, ಸಿಗುವುದಿಲ್ಲ. 101ನೇ ಸಾಲಿಗೆ ಬಂದಾಗ ‘`id` ಇಲ್ಲ’ ಎನ್ನುತ್ತದೆ. 102ಕ್ಕೂ ಅದೇ, 103ಕ್ಕೂ ಅದೇ, 104ಕ್ಕೂ ಅದೇ. ನಾಲ್ಕೂ ಸಾಲು ತಿರಸ್ಕೃತ, ಉಳಿದದ್ದು ಸೊನ್ನೆ.

ಇಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಹೆಸರುಗಳನ್ನೆಲ್ಲ ಇಂಗ್ಲಿಷ್‌ಗೆ ಬದಲಿಸಿ ಇದೇ ಆಯ್ಕೆಯಲ್ಲಿ ಸೇವ್ ಮಾಡಿದರೂ ಆ ಮೂರು ಬೈಟ್ ಬಂದೇ ಬರುತ್ತವೆ. ಅಂದರೆ ಒಂದೂ ಕನ್ನಡ ಅಕ್ಷರವಿಲ್ಲದ ಫೈಲಿಗೂ ಸೊನ್ನೆಯೇ ಬರುತ್ತದೆ. ಫಾರ್ವರ್ಡ್ ಹೇಳುವ ಮಾತು ಸುಳ್ಳು ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಇದರ ಪರಿಹಾರ ಕಷ್ಟದ್ದಲ್ಲ. ಆ ಸಿಎಸ್‌ವಿ ಫೈಲನ್ನು ವಿಂಡೋಸ್‌ನ ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದೀಚೆಗೆ ನೋಟ್‌ಪ್ಯಾಡ್‌ನ ಕೆಳಗಿನ ಪಟ್ಟಿಯ ಬಲತುದಿಯಲ್ಲಿ ಫೈಲಿನ ಲಿಪಿಸಂಕೇತ ಕಾಣುತ್ತದೆ. ಅಲ್ಲಿ `UTF-8 with BOM` ಎಂದಿದ್ದರೆ `Save as` ಒತ್ತಿ, `Encoding` ಎಂಬಲ್ಲಿ ಬರಿಯ `UTF-8` ಆಯ್ದು ಸೇವ್ ಮಾಡಿ. ಒಂದು ಅಕ್ಷರವನ್ನೂ ಮತ್ತೆ ಟೈಪ್ ಮಾಡಬೇಕಾಗಿಲ್ಲ.

ಎರಡನೇ ಗುರುತು: `à²•à²®à²²`

ಈಗ ಬಿಒಎಂ ಇಲ್ಲ, ಫೈಲ್ ಶುದ್ಧ ಯುಟಿಎಫ್-8ರಲ್ಲಿದೆ ಎಂದುಕೊಳ್ಳಿ. ಆದರೆ ಓದುವ ತಂತ್ರಾಂಶ ಅದನ್ನು ವಿಂಡೋಸ್-1252 ಎಂಬ ಹಳೆಯ ವಿಧಾನದಲ್ಲಿದೆ ಎಂದು ಊಹಿಸುತ್ತದೆ. ಇಂಗ್ಲಿಷ್ ವಿಂಡೋಸ್‌ನಲ್ಲಿ ಓಡುವ ಪೈಥಾನ್ ಪ್ರೋಗ್ರಾಂಗಳಲ್ಲಿ ಇದು ತುಂಬಾ ಸಾಮಾನ್ಯ. ಬರೆದವರು ಲಿಪಿಸಂಕೇತವನ್ನು ಹೆಸರಿಸದೆ ಬಿಟ್ಟರೆ ಪೈಥಾನ್‌ನ ಹಲವು ಆವೃತ್ತಿಗಳು ಆ ಯಂತ್ರದ ಹಳೆಯ ವಿಧಾನವನ್ನೇ ಬಳಸುತ್ತವೆ.

ವಿಂಡೋಸ್-1252 ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ಮಾಡಿದ ಪಟ್ಟಿ. ಅದರಲ್ಲಿ ಒಂದು ಬೈಟ್‌ಗೆ ಒಂದು ಅಕ್ಷರ, ಒಟ್ಟು 256 ಮನೆಗಳು. ‘ಕ’ದ ಮೂರು ಬೈಟ್‌ಗಳು ಅಲ್ಲಿ ಮೂರು ಬೇರೆ ಅಕ್ಷರಗಳಾಗುತ್ತವೆ: `E0` ಎಂಬುದು `à`, `B2` ಎಂಬುದು `²`, `95` ಎಂಬುದು `•`. ಹೀಗೆ ‘ಕಮಲ’ ಎಂಬ ಹೆಸರು `à²•à²®à²²` ಆಗುತ್ತದೆ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಇಂಥ ವಿಚಿತ್ರ ಅಕ್ಷರಗಳನ್ನು ನೀವೂ ಕಂಡಿರಬಹುದು.

ಇಷ್ಟೇ ಆಗಿದ್ದರೆ ಹೆಸರು ಕೆಟ್ಟರೂ ಸಾಲು ಒಳಗೆ ಹೋಗುತ್ತಿತ್ತು. ಆದರೆ ವಿಂಡೋಸ್-1252ರ 256 ಮನೆಗಳಲ್ಲಿ ಐದು ಖಾಲಿ ಇವೆ: `81`, `8D`, `8F`, `90`, `9D`. ಅಲ್ಲಿ ಯಾವ ಅಕ್ಷರವೂ ಇಲ್ಲ. ಕನ್ನಡದ ಕೆಲವು ಅಕ್ಷರಗಳ ಮೂರನೇ ಬೈಟ್ ಸರಿಯಾಗಿ ಈ ಖಾಲಿ ಮನೆಗಳಿಗೇ ಬಂದು ಬೀಳುತ್ತದೆ. ‘ಉ’ ಸ್ವರದ ಕೊಂಬು (ು) ಎಂದರೆ `E0 B3 81`. ಒತ್ತಕ್ಷರ ಮಾಡಲು ಮತ್ತು ಅರ್ಧಾಕ್ಷರ ಬರೆಯಲು ಬಳಸುವ ಚಿಹ್ನೆ (್) ಎಂದರೆ `E0 B3 8D`. ‘ಏ’ `8F`ನಲ್ಲಿ, ‘ಐ’ `90`ರಲ್ಲಿ, ‘ಝ’ `9D`ಯಲ್ಲಿ ಕೊನೆಯಾಗುತ್ತವೆ.

ಏ, ಐ, ಝ ಅಪರೂಪವಿರಬಹುದು. ಕೊಂಬಾಗಲಿ ಒತ್ತಕ್ಷರವಾಗಲಿ ಇಲ್ಲದ ಕನ್ನಡ ಪಟ್ಟಿ ಎಲ್ಲಾದರೂ ಸಿಗುತ್ತದೆಯೇ?

ಈಗ ನಮ್ಮ ಪಟ್ಟಿಗೆ ಬನ್ನಿ. ‘ಕಮಲ’ದಲ್ಲಿ ಕೊಂಬಿಲ್ಲ, ಒತ್ತಿಲ್ಲ. ‘ಬಸವರಾಜ’ದಲ್ಲೂ ಇಲ್ಲ. ಇವೆರಡೂ ವಿಚಿತ್ರ ಅಕ್ಷರಗಳಾಗಿಯಾದರೂ ದಾಟಿಕೊಳ್ಳುತ್ತವೆ. ‘ಮಂಜು’ವಿನ ಕೊಂಬಿಗೆ ಬಂದಾಗ ಪೈಥಾನ್ ನಿಂತುಬಿಡುತ್ತದೆ. ಸಾಲಿನ ಕೊನೆಗೆ ವಿಂಡೋಸ್ ಎರಡು ಬೈಟ್ ಹಾಕುತ್ತದೆ. ಅವನ್ನೂ ಸೇರಿಸಿ ಎಣಿಸಿದರೆ ನಮ್ಮ ಪಟ್ಟಿಗೆ ಬರುವ ಸಂದೇಶ ಇದು:

```
UnicodeDecodeError: 'charmap' codec can't decode
byte 0x81 in position 73: character maps to <undefined>
```

ಇದನ್ನು ಕಂಡು ಗಾಬರಿಯಾಗಬೇಕಿಲ್ಲ, ಇದು ಸಾಕಷ್ಟು ನಿಖರವಾಗಿಯೇ ಹೇಳುತ್ತಿದೆ. ಸೊನ್ನೆಯಿಂದ ಎಣಿಸಿದರೆ 73ನೇ ಸ್ಥಾನದಲ್ಲಿರುವ ಬೈಟ್ `81`. ಅದು ‘ಮಂಜು’ ಹೆಸರಿನ ಕೊಂಬಿನ ಕೊನೆಯ ಬೈಟ್. ಅದಕ್ಕೆ ವಿಂಡೋಸ್-1252ರಲ್ಲಿ ಅಕ್ಷರವೇ ಇಲ್ಲ ಎನ್ನುತ್ತಿದೆ. `'charmap'` ಎಂಬ ಪದ ಕಂಡರೆ ಓದುವವನು ಹಳೆಯ ವಿಧಾನದಲ್ಲಿ ಓದುತ್ತಿದ್ದಾನೆ ಎಂದು ತಿಳಿಯಬಹುದು.

ಹಾಗಾದರೆ ಮೊದಲ ಎರಡು ಸಾಲುಗಳಾದರೂ ಲೆಕ್ಕಕ್ಕೆ ಬರಬೇಕಲ್ಲವೇ? ಬರುವುದಿಲ್ಲ. ಪೈಥಾನ್ ಫೈಲನ್ನು ಸಾಲುಸಾಲಾಗಿ ತೆಗೆಯುವುದಿಲ್ಲ, ಸಾವಿರಾರು ಬೈಟ್‌ಗಳ ದೊಡ್ಡ ತುತ್ತುಗಳಾಗಿ ತೆಗೆದು ಒಟ್ಟಿಗೆ ಅಕ್ಷರಗಳಾಗಿ ಬದಲಿಸುತ್ತದೆ. ನಮ್ಮ ಪುಟ್ಟ ಪಟ್ಟಿ ಒಂದೇ ತುತ್ತು. ಅದರಲ್ಲಿ ಒಂದು ಬೈಟ್ ಗಂಟಲಲ್ಲಿ ಸಿಕ್ಕಿಕೊಂಡರೆ ಇಡೀ ತುತ್ತು ಹೊರಗೆ. ಪ್ರೋಗ್ರಾಂ ಬರೆದವರು ಈ ದೋಷವನ್ನು ಹಿಡಿದು ಮುಚ್ಚಿಟ್ಟಿದ್ದರೆ ಬಳಕೆದಾರರಿಗೆ ಮೇಲಿನ ಸಂದೇಶ ಕೂಡ ಕಾಣುವುದಿಲ್ಲ. ಕಾಣುವುದು `0 valid rows` ಮಾತ್ರ.

ಎಲ್ಲ ತಂತ್ರಾಂಶಗಳೂ ಹೀಗೆ ನಿಲ್ಲುವುದಿಲ್ಲ. ಕೆಲವು ಖಾಲಿ ಮನೆಗಳನ್ನು ಕಂಡೂ ಕಾಣದಂತೆ ಮುಂದೆ ಹೋಗುತ್ತವೆ. ಆಗ ಎಲ್ಲ ಹೆಸರುಗಳೂ ಕೆಟ್ಟ ರೂಪದಲ್ಲೇ ಸೇರಿಕೊಳ್ಳುತ್ತವೆ. ನಮ್ಮ ಅಭಿಪ್ರಾಯದಲ್ಲಿ ಸೊನ್ನೆ ಬರುವುದಕ್ಕಿಂತ ಇದು ಹೆಚ್ಚು ಅಪಾಯಕಾರಿ. ಸೊನ್ನೆ ಬಂದರೆ ಆ ಕ್ಷಣವೇ ಗೊತ್ತಾಗುತ್ತದೆ. ಕೆಟ್ಟ ಹೆಸರು ಒಳಗೆ ಹೋದರೆ ಮುಂದೆಂದೋ ಪ್ರಮಾಣಪತ್ರ ಮುದ್ರಿಸುವಾಗ ಗೊತ್ತಾಗುತ್ತದೆ.

ಸಮಾಧಾನದ ವಿಷಯವೆಂದರೆ `à²•` ರೂಪದಲ್ಲಿ ಕಾಣುವ ಹೆಸರು ಸಾಮಾನ್ಯವಾಗಿ ನಾಶವಾಗಿರುವುದಿಲ್ಲ. ಬೈಟ್‌ಗಳು ಹಾಗೇ ಇರುತ್ತವೆ, ಓದುವ ರೀತಿ ಮಾತ್ರ ತಪ್ಪಿರುತ್ತದೆ. ಎಕ್ಸೆಲ್‌ನಲ್ಲಿ ಹೀಗೆ ಕಂಡರೆ ಸೇವ್ ಮಾಡದೆ ಮುಚ್ಚಿಬಿಡಿ. ಹೊಸ ಹಾಳೆ ತೆರೆದು, `Data` ಪಟ್ಟಿಯಲ್ಲಿರುವ `From Text/CSV` ಮೂಲಕ ಅದೇ ಫೈಲನ್ನು ಆರಿಸಿ, `File Origin` ಎಂಬಲ್ಲಿ `65001: Unicode (UTF-8)` ಆಯ್ದುಕೊಳ್ಳಿ. ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಮೂರನೇ ಗುರುತು: `???`

ಇದು ಮಾತ್ರ ನಿಜವಾದ ನಷ್ಟ. ಎಕ್ಸೆಲ್‌ನ ಸೇವ್ ಪಟ್ಟಿಯಲ್ಲಿ `CSV (Comma delimited)` ಎಂಬ ಇನ್ನೊಂದು ಆಯ್ಕೆ ಇದೆ. ಹೆಸರು ನೋಡಿದರೆ ಎರಡೂ ಒಂದೇ ಅನ್ನಿಸುತ್ತದೆ. ಆದರೆ ಈ ಆಯ್ಕೆ ಫೈಲನ್ನು ಆ ಯಂತ್ರದ ಹಳೆಯ ವಿಧಾನದಲ್ಲಿ ಬರೆಯುತ್ತದೆ. ವಿಂಡೋಸ್-1252ರಲ್ಲಿ ಕನ್ನಡಕ್ಕೆ ಒಂದು ಮನೆಯೂ ಇಲ್ಲ. ಹಾಗಾಗಿ ಪ್ರತಿ ಕನ್ನಡ ಸಂಕೇತದ ಜಾಗದಲ್ಲೂ ಒಂದು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ.

```
id,name,class
101,???,8
102,??????,9
103,????,8
104,???????,9
```

ಇದನ್ನು ಅಪ್‌ಲೋಡ್ ಮಾಡಿದಾಗ, ‘ಹೆಸರಿನಲ್ಲಿ ಒಂದಾದರೂ ಅಕ್ಷರ ಇರಬೇಕು’ ಎಂಬ ನಿಯಮವಿರುವ ತಂತ್ರಾಂಶ ನಾಲ್ಕೂ ಸಾಲನ್ನು ತಳ್ಳಿಹಾಕುತ್ತದೆ. ಮತ್ತೆ ಸೊನ್ನೆ. ಅಂಥ ನಿಯಮವಿಲ್ಲದಿದ್ದರೆ ಮಕ್ಕಳ ಹೆಸರುಗಳು ಪ್ರಶ್ನಾರ್ಥಕ ಚಿಹ್ನೆಗಳಾಗಿಯೇ ದಾಖಲಾಗುತ್ತವೆ.

ಇಲ್ಲಿ ಹಿಂದಿರುಗುವ ದಾರಿ ಇಲ್ಲ. ಕಮಲ, ರಮಣ, ಸರಳ ಎಲ್ಲವೂ `???` ಆಗುತ್ತವೆ. ಅದನ್ನು ನೋಡಿ ಮೂಲ ಹೆಸರು ಯಾವುದೆಂದು ಯಾರೂ ಹೇಳಲಾರರು, ಯಾವ ಪರಿವರ್ತಕವೂ ಹೇಳಲಾರದು. ಇನ್ನೊಂದು ಮೋಸವೂ ಇದೆ. ಸೇವ್ ಮಾಡಿದ ಮೇಲೂ ಎಕ್ಸೆಲ್ ಕಿಟಕಿ ತೆರೆದೇ ಇರುವವರೆಗೆ ಪರದೆಯ ಮೇಲೆ ಕನ್ನಡ ಹಾಗೇ ಕಾಣುತ್ತಿರುತ್ತದೆ. ಮುಚ್ಚಿ ಮತ್ತೆ ತೆರೆದಾಗಲೇ ವಿಷಯ ಬಯಲಾಗುವುದು. ಆದ್ದರಿಂದ ಮೂಲ ಪಟ್ಟಿಯನ್ನು ಯಾವಾಗಲೂ `.xlsx` ಆಗಿಯೇ ಇಟ್ಟುಕೊಂಡು, ಸಿಎಸ್‌ವಿಯನ್ನು ಅದರ ಪ್ರತಿಯಾಗಿ ಮಾತ್ರ ಮಾಡಬೇಕು. ಆಗ `???` ಬಂದರೂ ಮೂಲದಿಂದ ಇನ್ನೊಂದು ಪ್ರತಿ ತೆಗೆದರೆ ಮುಗಿಯಿತು.

ನಾಲ್ಕನೇ ಗುರುತು: `PÀ£ÀßqÀ`

ನಮ್ಮ ರಾಜ್ಯದ ಹಳೆಯ ಕಡತಗಳಲ್ಲಿ ಇದು ಸಾಮಾನ್ಯ. ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಠ್ಯ ಯುನಿಕೋಡ್ ಕನ್ನಡವಲ್ಲ. ಫೈಲಿನೊಳಗೆ ಇರುವುದು ಲ್ಯಾಟಿನ್ ಅಕ್ಷರಗಳು, ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟ್. ‘ಕನ್ನಡ’ ಎಂಬ ಪದ ಒಳಗೆ `PÀ£ÀßqÀ` ಎಂದಿರುತ್ತದೆ. ಸಿಎಸ್‌ವಿಯಲ್ಲಿ ಫಾಂಟ್ ಉಳಿಯುವುದಿಲ್ಲ, ಹಾಗಾಗಿ ವೇಷ ಕಳಚಿ ಬೀಳುತ್ತದೆ.

ಇಂಥ ಪಟ್ಟಿಯನ್ನು ಸಾದಾ ಸಿಎಸ್‌ವಿಯಾಗಿ ಸೇವ್ ಮಾಡಿದರೆ `À` ಅಕ್ಷರ `C0` ಎಂಬ ಒಂದು ಬೈಟ್ ಆಗುತ್ತದೆ. ಯುಟಿಎಫ್-8ರ ನಿಯಮದಲ್ಲಿ `C0` ಎಂಬ ಬೈಟ್ ಎಲ್ಲಿಯೂ ಬರುವಂತಿಲ್ಲ. ಈ ಸಲ ಓದುವವನು ಯುಟಿಎಫ್-8ರಲ್ಲೇ ಸರಿಯಾಗಿ ಓದಲು ಹೊರಟರೂ `'utf-8' codec can't decode byte 0xc0` ಎಂದು ಮೊದಲ ಹೆಸರಿನಲ್ಲೇ ನಿಲ್ಲುತ್ತಾನೆ. ಫಲಿತಾಂಶ ಮತ್ತೆ ಸೊನ್ನೆ. ಇದಕ್ಕೆ ಸೇವ್ ಆಯ್ಕೆ ಬದಲಿಸಿದರೆ ಸಾಲದು. ಮೂಲ ಹಾಳೆಯಲ್ಲೇ ಪಠ್ಯವನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿ, ಹೆಸರುಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಿ, ಆಮೇಲೆ ಸಿಎಸ್‌ವಿ ಮಾಡಬೇಕು.

ನಿಮ್ಮ ಫೈಲಿನಲ್ಲಿ ಯಾವ ತಪ್ಪಿದೆ? ಮೂರು ಚಿಕ್ಕ ಪರೀಕ್ಷೆಗಳು

ಮೊದಲು ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಎಕ್ಸೆಲ್‌ನಲ್ಲಿ ಬೇಡ, ಅದು ತಾನೇ ಊಹೆ ಮಾಡುತ್ತದೆ. ನೋಟ್‌ಪ್ಯಾಡ್‌ನಲ್ಲಿ `???` ಅಥವಾ `PÀ` ಕಂಡರೆ ಉತ್ತರ ಅಲ್ಲೇ ಸಿಕ್ಕಿತು. ಕನ್ನಡ ಸರಿಯಾಗಿ ಕಂಡರೆ ನಿಮ್ಮ ಹೆಸರುಗಳು ಸುರಕ್ಷಿತ. ತೊಂದರೆ ಬಿಒಎಂದ್ದು, ಇಲ್ಲವೇ ಓದುವ ಕಡೆಯದು. ಅದನ್ನು ಬೇರ್ಪಡಿಸಲು ಒಂದೊಂದೇ ಸಾಲಿನ ಪುಟ್ಟ ಫೈಲುಗಳು ಸಾಕು. ಎಲ್ಲವನ್ನೂ ಒಂದೇ ಆಯ್ಕೆಯಲ್ಲಿ ಸೇವ್ ಮಾಡಿ.

ಒಂದರಲ್ಲಿ ಇಂಗ್ಲಿಷ್ ಹೆಸರು ಮಾತ್ರ ಇರಲಿ. ಅದಕ್ಕೂ ಸೊನ್ನೆ ಬಂದರೆ ಅನುಮಾನ ಬಿಒಎಂ ಮೇಲೆ. ಮೇಲೆ ಹೇಳಿದಂತೆ ಅದನ್ನು ತೆಗೆದು ಮತ್ತೆ ಕಳಿಸಿ.

ಇಂಗ್ಲಿಷ್ ಸಾಲು ಹೋದರೆ ಎರಡನೆಯದರಲ್ಲಿ ‘ಕಮಲ’ ಎಂದು, ಮೂರನೆಯದರಲ್ಲಿ ‘ಮಂಜು’ ಎಂದು ಹಾಕಿ. ‘ಕಮಲ’ ಒಳಗೆ ಹೋಗಿ ‘ಮಂಜು’ ಸಿಕ್ಕಿಕೊಂಡರೆ ಓದುವ ತಂತ್ರಾಂಶ ವಿಂಡೋಸ್-1252ರಲ್ಲಿ ಓದುತ್ತಿರುವ ಸಾಧ್ಯತೆ ಇದೆ. ಒಳಗೆ ಹೋದ ‘ಕಮಲ’ವನ್ನೂ ತೆರೆದು ನೋಡಿ, ಅದು `à²•à²®à²²` ಆಗಿ ಕುಳಿತಿದ್ದರೆ ಖಚಿತವಾಯಿತು. ಅದನ್ನು ಅಳಿಸಿಹಾಕುವುದನ್ನು ಮರೆಯಬೇಡಿ.

ಎರಡೂ ಕನ್ನಡ ಹೆಸರು ಸಿಕ್ಕಿಕೊಂಡು ಇಂಗ್ಲಿಷ್ ಮಾತ್ರ ಹೋದರೆ, ಹೆಸರಿನಲ್ಲಿ `A` ಇಂದ `Z` ವರೆಗಿನ ಅಕ್ಷರಗಳಷ್ಟೇ ಇರಬೇಕು ಎಂಬ ನಿಯಮವನ್ನು ತಂತ್ರಾಂಶದಲ್ಲಿ ಇಟ್ಟಿರಬಹುದು. ಆಗ ಫೈಲನ್ನು ಹೇಗೆ ಸೇವ್ ಮಾಡಿದರೂ ಉಪಯೋಗವಿಲ್ಲ. ನಿಯಮ ಬದಲಿಸಬೇಕಾದವರು ತಂತ್ರಾಂಶ ನಡೆಸುವವರು.

ಸರಿಯಾಗಿ ಸೇವ್ ಮಾಡುವುದು ಹೇಗೆ?

ಮೊಬೈಲ್‌ನಲ್ಲೇ ಕೆಲಸ ಮಾಡುವವರಿಗೆ ಗೂಗಲ್ ಶೀಟ್ಸ್ ಸುಲಭ. ಅಲ್ಲಿಂದ ಸಿಎಸ್‌ವಿಯಾಗಿ ಇಳಿಸಿಕೊಂಡ ಫೈಲ್ ಯುಟಿಎಫ್-8ರಲ್ಲಿರುತ್ತದೆ, ಬಿಒಎಂ ಇರುವುದಿಲ್ಲ. ಅದನ್ನು ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡದೆ ನೇರವಾಗಿ ಅಪ್‌ಲೋಡ್ ಮಾಡಿ. ಎಕ್ಸೆಲ್ ಬಳಸುವವರು `CSV UTF-8 (Comma delimited)` ಆಯ್ದು, ಅಗತ್ಯವಿದ್ದರೆ ಮಾತ್ರ ನೋಟ್‌ಪ್ಯಾಡ್‌ನಲ್ಲಿ ಬಿಒಎಂ ತೆಗೆಯಬೇಕು.

ತೊಂದರೆ ಓದುವ ಕಡೆ ಇದೆ ಎಂದು ಗೊತ್ತಾದರೆ ತಂತ್ರಾಂಶ ನೋಡಿಕೊಳ್ಳುವವರಿಗೆ “ಕನ್ನಡ ಬರುತ್ತಿಲ್ಲ” ಎಂದಷ್ಟೇ ಬರೆಯಬೇಡಿ. “ಇಂಗ್ಲಿಷ್ ಮತ್ತು ‘ಕಮಲ’ ಹೋಗುತ್ತದೆ, ‘ಮಂಜು’ ಹೋಗುವುದಿಲ್ಲ, ಫೈಲ್ ಯುಟಿಎಫ್-8ರಲ್ಲಿದೆ” ಎಂದು ಬರೆದು ಆ ಮೂರು ಪುಟ್ಟ ಫೈಲುಗಳನ್ನು ಜೊತೆಗೆ ಕಳಿಸಿ. ಪೈಥಾನ್‌ನಲ್ಲಾದರೆ ತಿದ್ದುಪಡಿ ಒಂದು ಪದದ್ದು:

```
with open("students.csv", encoding="utf-8-sig", newline="") as f:
    rows = list(csv.DictReader(f))
```

`utf-8-sig` ಎಂದರೆ ಯುಟಿಎಫ್-8ರಲ್ಲಿ ಓದು, ಆರಂಭದಲ್ಲಿ ಬಿಒಎಂ ಇದ್ದರೆ ತೆಗೆದುಹಾಕು, ಇಲ್ಲದಿದ್ದರೆ ಹಾಗೇ ಓದು ಎಂದರ್ಥ. ಮೊದಲ ಮತ್ತು ಎರಡನೇ ಗುರುತಿನ ತೊಂದರೆಗಳೆರಡೂ ಇದರಿಂದ ಹೋಗುತ್ತವೆ. `???` ಆಗಿಹೋದ ಹೆಸರನ್ನು ಇದು ಮರಳಿ ತರುವುದಿಲ್ಲ, ಹಳೆಯ ನುಡಿ ಪಠ್ಯವನ್ನು ಯುನಿಕೋಡ್ ಮಾಡುವುದೂ ಇಲ್ಲ. ಅವೆರಡನ್ನು ಫೈಲ್ ಮಾಡುವವರೇ ನೋಡಿಕೊಳ್ಳಬೇಕು.

ಹಾಗಾದರೆ ಆ ಫಾರ್ವರ್ಡ್ ಸಂದೇಶ?

‘ಕನ್ನಡ ಇದ್ದರೆ ಫೈಲ್ ಹಾಳಾಗುತ್ತದೆ’ ಎಂಬುದು ತಪ್ಪು ಮಾಹಿತಿ. ಯುಟಿಎಫ್-8ರಲ್ಲಿ ಬರೆದು ಯುಟಿಎಫ್-8ರಲ್ಲೇ ಓದಿದರೆ ಕನ್ನಡದ ಒಂದು ಕೊಂಬೂ ಕಳೆದುಹೋಗುವುದಿಲ್ಲ. ಆ ಸಂದೇಶ ನಿಮ್ಮ ಗುಂಪಿಗೆ ಮತ್ತೆ ಬಂದರೆ ಅದರ ಬದಲು ಹೀಗೆ ಕಳಿಸಬಹುದು: “ಪಟ್ಟಿಯ ಮೂಲವನ್ನು ಎಕ್ಸೆಲ್ ಫೈಲಾಗಿಯೇ ಇಟ್ಟುಕೊಳ್ಳಿ. ಸಿಎಸ್‌ವಿ ಮಾಡುವಾಗ `CSV UTF-8` ಆಯ್ದುಕೊಳ್ಳಿ. ಕಳಿಸುವ ಮೊದಲು ನೋಟ್‌ಪ್ಯಾಡ್‌ನಲ್ಲಿ ತೆರೆದು ಕನ್ನಡ ಕಾಣುತ್ತಿದೆಯೇ ನೋಡಿ. ಸೊನ್ನೆ ಸಾಲು ಬಂದರೆ ಹೆಸರುಗಳನ್ನು ಇಂಗ್ಲಿಷ್‌ಗೆ ಬದಲಿಸಬೇಡಿ, ‘ಕಮಲ’ ಮತ್ತು ‘ಮಂಜು’ ಪರೀಕ್ಷೆ ಮಾಡಿ ನೋಡಿ.”